MgO ಫಾರ್ಮೇಶನ್ ಎಂಥಾಲ್ಪಿ: ಸೈಕಲ್‌ನಲ್ಲಿ ಬಾಣ ಯಾವ ಕಡೆ ಹಾಕಬೇಕು?

ಪ್ರಶ್ನೆ: ಮೆಗ್ನೀಷಿಯಂ ಆಕ್ಸೈಡ್‌ನ ಫಾರ್ಮೇಶನ್ ಎಂಥಾಲ್ಪಿ ಕಂಡುಹಿಡಿಯೋಕೆ ಮೂರು ರಿಯಾಕ್ಷನ್ ಕೊಟ್ಟಿದ್ದಾರೆ. ಸೈಕಲ್ ಬರೆಯೋಕೆ ಕೂತರೆ ಬಾಣ ಯಾವ ಕಡೆ, ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಅಂತ ಪ್ರತಿಸಲ ಗೊಂದಲ. ಆ್ಯಸಿಡ್ ಯಾಕೆ ಬಂತು ಅನ್ನೋದೂ ಗೊತ್ತಾಗ್ತಿಲ್ಲ. ಬಿಡಿಸಿ ಹೇಳ್ತೀರಾ?

ಉತ್ತರ:

ಆ್ಯಸಿಡ್‌ನಿಂದಲೇ ಶುರು ಮಾಡೋಣ. ಅದು ಅರ್ಥವಾದರೆ ಬಾಣದ ಗೊಂದಲ ಅರ್ಧ ಕಳೆಯುತ್ತದೆ. ನಮಗೆ ಬೇಕಾದ ರಿಯಾಕ್ಷನ್ ಇಷ್ಟೇ:

```
Mg(s) + ½O₂(g) → MgO(s)      ΔHf = ?
```

ಇದನ್ನು ನೇರವಾಗಿ ಅಳೆಯಬಹುದಲ್ವಾ ಅನಿಸುತ್ತದೆ. ಆದರೆ ಮೆಗ್ನೀಷಿಯಂ ರಿಬ್ಬನ್ ಉರಿಯುವುದನ್ನು ಲ್ಯಾಬ್‌ನಲ್ಲಿ ನೋಡಿದ್ದೀರಲ್ಲ. ಕಣ್ಣು ಕುಕ್ಕುವ ಬೆಳಕು ಬರುತ್ತದೆ, ಬಿಳಿ ಹೊಗೆಯಾಗಿ ಆಕ್ಸೈಡ್ ಹಾರಿಹೋಗುತ್ತದೆ. ಅಷ್ಟು ಸಾಲದು ಅಂತ ಗಾಳಿಯ ನೈಟ್ರೋಜನ್ ಜೊತೆಗೂ ಸೇರಿ ಸ್ವಲ್ಪ Mg₃N₂ ಆಗುತ್ತದೆ. ಥರ್ಮೋಕೋಲ್ ಕಪ್ ಮತ್ತು ಥರ್ಮಾಮೀಟರ್ ಹಿಡಿದುಕೊಂಡು ಇದರ ಶಾಖ ಅಳೆಯಲು ಆಗುವುದಿಲ್ಲ.

ಆದರೆ ಮೆಗ್ನೀಷಿಯಂ ಲೋಹ ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿ ಸುಲಭವಾಗಿ ಕರಗುತ್ತದೆ. ಮೆಗ್ನೀಷಿಯಂ ಆಕ್ಸೈಡ್ ಕೂಡ ಕರಗುತ್ತದೆ. ಎರಡೂ ಕಡೆ ಕೊನೆಗೆ ಸಿಗುವುದು ಅದೇ ಮೆಗ್ನೀಷಿಯಂ ಕ್ಲೋರೈಡ್ ದ್ರಾವಣ. ಲೋಹದಿಂದ ಹೊರಟರೂ, ಆಕ್ಸೈಡ್‌ನಿಂದ ಹೊರಟರೂ ತಲುಪುವ ಜಾಗ ಒಂದೇ. ಅದಕ್ಕೇ ಆ್ಯಸಿಡ್ ಬಂದದ್ದು. ಸೈಕಲ್ ಕಟ್ಟುವಾಗ ಮೊದಲು ಹುಡುಕಬೇಕಾದದ್ದು ಈ ಒಂದೇ ಜಾಗವನ್ನು. ಬಾಣದ ವಿಷಯ ಆಮೇಲೆ.

ಕೊಟ್ಟಿರುವ ಮೂರು ರಿಯಾಕ್ಷನ್ ಇವು. ಬೆಲೆಗಳೆಲ್ಲ ಒಂದು ಮೋಲ್‌ಗೆ ಕಿಲೋಜೂಲ್‌ನಲ್ಲಿವೆ:

```
(1) Mg(s) + 2HCl(aq) → MgCl₂(aq) + H₂(g)       −466.9
(2) MgO(s) + 2HCl(aq) → MgCl₂(aq) + H₂O(l)     −151.1
(3) H₂(g) + ½O₂(g) → H₂O(l)                    −285.8
```

ಈಗ ಹಾಳೆಯ ಎಡಗಡೆ ಮೇಲೆ `Mg + ½O₂ + 2HCl` ಅಂತ ಬರೆಯಿರಿ. ಬಲಗಡೆ ಮೇಲೆ `MgO + 2HCl`. ಕೆಳಗೆ `MgCl₂ + H₂O`. ಮೇಲಿನ ಸಾಲಿನಲ್ಲಿ 2HCl ಎರಡೂ ಕಡೆ ಸುಮ್ನೆ ನಿಂತಿದೆ, ಏನೂ ಮಾಡುತ್ತಿಲ್ಲ. ಆದರೂ ಬರೆಯಲೇಬೇಕು. ನನ್ನ ಬಳಿ ಬರುವ ಪಿಯು ಮಕ್ಕಳಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಬರೀ `Mg + ½O₂` ಅಂತ ಬರೆದು ಕೆಳಗೆ ಬಾಣ ಎಳೆಯುತ್ತಾರೆ. ಆಗ ಕೆಳಗೆ ಕ್ಲೋರಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರವಿರುವುದಿಲ್ಲ, ಸೈಕಲ್ ಮುಚ್ಚುವುದೂ ಇಲ್ಲ. ಮೂರೂ ಮೂಲೆಯಲ್ಲಿ ಪ್ರತಿ ಧಾತುವಿನ ಪರಮಾಣು ಎಣಿಸಿ. ಲೆಕ್ಕ ಒಂದೇ ಇರಬೇಕು: Mg ಒಂದು, O ಒಂದು, H ಎರಡು, Cl ಎರಡು.

ಈಗ ಬಾಣ. ರಿಯಾಕ್ಷನ್ ಹೇಗೆ ಕೊಟ್ಟಿದ್ದಾರೋ ಹಾಗೇ ಬಾಣ ಎಳೆಯಿರಿ, ಯಾವುದನ್ನೂ ತಿರುಗಿಸಬೇಡಿ. ಎಡ ಮೂಲೆಯಿಂದ ಕೆಳಗೆ (1) ಮತ್ತು (3) ಒಂದರ ಹಿಂದೆ ಒಂದು ಇಳಿಯುತ್ತವೆ. ಮೊದಲು ಲೋಹ ಕರಗಿ ಹೈಡ್ರೋಜನ್ ಬರುತ್ತದೆ, ಆಮೇಲೆ ಕಾದು ಕೂತಿದ್ದ ½O₂ ಜೊತೆ ಆ ಹೈಡ್ರೋಜನ್ ಸೇರಿ ನೀರಾಗುತ್ತದೆ. ಬಲ ಮೂಲೆಯಿಂದ ಕೆಳಗೆ (2). ಮೇಲೆ ಎಡದಿಂದ ಬಲಕ್ಕೆ ನಮಗೆ ಬೇಕಾದ ΔHf.

ಎಡ ಮೂಲೆಯಿಂದ ಕೆಳಗಿನ ಮೂಲೆಗೆ ಈಗ ಎರಡು ದಾರಿ. ನೇರವಾಗಿ ಇಳಿಯಬಹುದು, ಇಲ್ಲಾ ಮೇಲಿನಿಂದ ಬಲಕ್ಕೆ ಹೋಗಿ ಇಳಿಯಬಹುದು. ಯಾವ ದಾರಿಯಲ್ಲಿ ಹೋದರೂ ಒಟ್ಟು ಎಂಥಾಲ್ಪಿ ಬದಲಾವಣೆ ಒಂದೇ. 1840ರಲ್ಲಿ ಹೆಸ್ ಹೇಳಿದ್ದು ಇದನ್ನೇ. ಹಾಗಾಗಿ:

```
ΔHf + (2) = (1) + (3)
ΔHf = −466.9 + (−285.8) − (−151.1)
ΔHf = −601.6
```

ಮೈನಸ್ ಎಲ್ಲಿ ಅಂತ ಕೇಳಿದ್ದಿರಿ. ನೋಡಿ, ಅದನ್ನು ನಾವು ಎಲ್ಲೂ ಹಾಕಲೇ ಇಲ್ಲ. ಸಮೀಕರಣದಲ್ಲಿ (2) ಆಚೆ ಕಡೆಗೆ ಹೋದಾಗ ತಾನಾಗಿ ಬಂತು. ‘ಪ್ರಾಡಕ್ಟ್ ಮೈನಸ್ ರಿಯಾಕ್ಟಂಟ್’, ದಹನ ಕೊಟ್ಟಿದ್ದರೆ ಅದರ ಉಲ್ಟಾ ಅಂತ ಎರಡು ಸೂತ್ರ ಬಾಯಿಪಾಠ ಮಾಡುವುದು ನನಗೆ ಇಷ್ಟವಿಲ್ಲ. ಇಲ್ಲಿ ಕೊಟ್ಟಿರುವುದು ಆ ಎರಡು ಜಾತಿಗೂ ಪೂರ್ತಿ ಸೇರದ ಲೆಕ್ಕ. ಸೂತ್ರ ನಂಬಿದವರು ಇಂಥ ಕಡೆಯೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಉತ್ತರ ತಪ್ಪಿದರೆ ಸಂಖ್ಯೆಯೇ ಸುಳಿವು ಕೊಡುತ್ತದೆ. −903.8 ಬಂದರೆ (2)ನ್ನು ಕಳೆಯುವ ಬದಲು ಕೂಡಿದ್ದೀರಿ. −557.6 ಬಂದರೆ ನೀರನ್ನು ಆವಿ ಅಂತ ತೆಗೆದುಕೊಂಡಿದ್ದೀರಿ. ಆವಿಗೆ ಬೆಲೆ −241.8, ದ್ರವಕ್ಕೆ −285.8. (2)ರಲ್ಲಿ ನೀರು ದ್ರವ, ಹಾಗಾಗಿ (3)ರಲ್ಲೂ ದ್ರವವೇ ಇರಬೇಕು. `2H₂ + O₂ → 2H₂O` ಅಂತ ಕೊಟ್ಟು −571.6 ಬರೆದಿದ್ದರೆ ಅರ್ಧ ಮಾಡಿಕೊಳ್ಳಿ, ಯಾಕೆಂದರೆ ಫಾರ್ಮೇಶನ್ ಎಂಥಾಲ್ಪಿ ಅಂದರೆ ಒಂದೇ ಮೋಲ್ MgOಗೆ.

ಇದನ್ನೇ ಲ್ಯಾಬ್‌ನಲ್ಲಿ ಮಾಡಿದರೆ (1) ಮತ್ತು (2)ನ್ನು ನೀವೇ ಅಳೆಯುತ್ತೀರಿ, (3)ನ್ನು ಪುಸ್ತಕದಿಂದ ತೆಗೆದುಕೊಳ್ಳುತ್ತೀರಿ. 100 ಮಿಲಿ 1 ಮೋಲಾರ್ ಆ್ಯಸಿಡ್‌ಗೆ 0.243 ಗ್ರಾಂ ಮೆಗ್ನೀಷಿಯಂ, ಅಂದರೆ 0.01 ಮೋಲ್ ಹಾಕಿದರೆ, ಶಾಖ ಸೋರದಿದ್ದರೆ ಉಷ್ಣಾಂಶ ಸುಮಾರು 11 ಡಿಗ್ರಿ ಏರುತ್ತದೆ. ಇಲ್ಲಿ ಥರ್ಮಾಮೀಟರ್ ಓದುವಾಗ ಅರ್ಧ ಡಿಗ್ರಿ ತಪ್ಪಿದರೂ ಉತ್ತರದಲ್ಲಿ 21 ಕಿಲೋಜೂಲ್ ವ್ಯತ್ಯಾಸ ಬರುತ್ತದೆ. ಎರಡು ಪ್ರಯೋಗಕ್ಕೂ ಅದೇ ಬಾಟಲಿಯ ಆ್ಯಸಿಡ್, ಅಷ್ಟೇ ಪ್ರಮಾಣ ಬಳಸಿ. ಮೆಗ್ನೀಷಿಯಂ ಮತ್ತು ಆಕ್ಸೈಡ್ ಮೋಲ್ ಲೆಕ್ಕದಲ್ಲೂ ಸಮ ಇದ್ದರೆ ಇನ್ನೂ ಒಳ್ಳೆಯದು. ಕೆಳಗಿನ ಮೂಲೆಯಲ್ಲಿರುವ ದ್ರಾವಣ ನಿಜವಾಗಿಯೂ ಒಂದೇ ಆಗಿದ್ದರೆ ಮಾತ್ರ ಸೈಕಲ್ ಮುಚ್ಚುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಎರಡು ಅಳತೆಯ ತಪ್ಪು ಉತ್ತರವನ್ನು ಎರಡು ಕಡೆಗೆ ಎಳೆಯುತ್ತದೆ. (1)ರಲ್ಲಿ ಶಾಖ ಸೋರಿದರೆ ಉತ್ತರ −601.6ಕ್ಕಿಂತ ಕಡಿಮೆ ಮೈನಸ್ ಆಗುತ್ತದೆ. (2)ನ್ನು ಕಳೆಯುತ್ತೇವಲ್ಲ, ಹಾಗಾಗಿ ಅಲ್ಲಿ ಸೋರಿದರೆ ಜಾಸ್ತಿ ಮೈನಸ್ ಆಗುತ್ತದೆ. ಎರಡರಲ್ಲೂ ನೂರಕ್ಕೆ 5ರಷ್ಟು ಸೋರಿದರೆ ಉತ್ತರ ಸುಮಾರು −586. ಅಂದರೆ ಸಾಧಾರಣ ಸೋರಿಕೆಗೆ ಉತ್ತರ −601.6ಕ್ಕಿಂತ ಕಡಿಮೆ ಮೈನಸ್ ಬರಬೇಕು.

ಅದಕ್ಕೇ −620, −630 ಅಂತ ಬಂದರೆ ನಾನು ಮೊದಲು ಅನುಮಾನ ಪಡುವುದು ಆಕ್ಸೈಡ್ ಬಾಟಲಿಯ ಮೇಲೆ. ಹಳೆಯ ಮೆಗ್ನೀಷಿಯಂ ಆಕ್ಸೈಡ್ ಗಾಳಿಯಿಂದ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹೈಡ್ರಾಕ್ಸೈಡ್, ಸ್ವಲ್ಪ ಕಾರ್ಬೋನೇಟ್ ಆಗಿರುತ್ತದೆ. ತೂಕ ಇರುತ್ತದೆ, ಅದಕ್ಕೆ ತಕ್ಕಷ್ಟು ಶಾಖ ಬರುವುದಿಲ್ಲ. ಆ್ಯಸಿಡ್‌ಗೆ ಚಿಟಿಕೆ ಹಾಕಿ ನೋಡಿ. ಶುದ್ಧ ಆಕ್ಸೈಡ್ ಗುಳ್ಳೆ ಬಿಡದೆ ಕರಗಬೇಕು. ನೊರೆ ಎದ್ದರೆ ಕಾರ್ಬೋನೇಟ್ ಇದೆ. ಆಗ ಕ್ರೂಸಿಬಲ್‌ನಲ್ಲಿ ಚೆನ್ನಾಗಿ ಕಾಯಿಸಿ, ಡೆಸಿಕೇಟರ್‌ನಲ್ಲಿ ಆರಿಸಿಕೊಂಡು ಮತ್ತೆ ಅಳೆಯಿರಿ. ರಿಬ್ಬನ್ ಮಂಕಾಗಿದ್ದರೆ ಅದಕ್ಕೂ ಮರಳು ಕಾಗದ ಉಜ್ಜಿ, ಹೊಳಪು ಬಂದ ಮೇಲೆಯೇ ತೂಗಿ.