ಬ್ರೈಟ್‌ನೆಸ್ ಇಳಿಸಿದರೆ ತಲೆನೋವು ಏರುವುದೇಕೆ?

ಪ್ರಶ್ನೆ: ಈಚೆಗೆ ಒಎಲ್‌ಇಡಿ ಪರದೆಯ ಲ್ಯಾಪ್‌ಟಾಪ್ ಕೊಂಡೆ. ಹಳೆಯದರಲ್ಲಿ ದಿನವಿಡೀ ಲೆಕ್ಕಪತ್ರ ಬರೆದರೂ ಏನೂ ಆಗುತ್ತಿರಲಿಲ್ಲ. ಇದರ ಮುಂದೆ ಅರ್ಧ ಗಂಟೆ ಕೂತರೆ ಸಾಕು, ಹಣೆ ಮತ್ತು ಕಣ್ಣಿನ ಹಿಂದೆ ನೋವು. ರಾತ್ರಿ ಬ್ರೈಟ್‌ನೆಸ್ ಇಳಿಸಿಕೊಂಡರೆ ಇನ್ನೂ ಜಾಸ್ತಿ. ನೈಟ್ ಲೈಟ್ ಹಾಕಿದರೂ ಪ್ರಯೋಜನವಾಗಲಿಲ್ಲ. ಕಣ್ಣಿನ ಡಾಕ್ಟರು ಕನ್ನಡಕದ ಪವರ್ ಸರಿಯಾಗಿದೆ ಎಂದರು. ಮನೆಯವರು ಭ್ರಮೆ ಅನ್ನುತ್ತಾರೆ. ದೋಷ ಪರದೆಯಲ್ಲಿರಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಇರಬಹುದು. ನೀವು ಕೊಟ್ಟ ವಿವರಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬ್ರೈಟ್‌ನೆಸ್ಸಿನ ಮಾತು. ಪರದೆಯ ಪ್ರಖರತೆಯೇ ಕಾರಣವಾಗಿದ್ದರೆ ಬೆಳಕು ಇಳಿಸಿದಾಗ ಹಾಯೆನಿಸಬೇಕಿತ್ತು. ತದ್ವಿರುದ್ಧವಾಗಿದೆ ಎಂದರೆ, ಪರದೆ ತನ್ನ ಬೆಳಕನ್ನು ಯಾವ ವಿಧಾನದಿಂದ ಇಳಿಸುತ್ತಿದೆ ಎಂಬುದನ್ನೇ ಮೊದಲು ನೋಡಬೇಕು.

ಬೆಳಕು ಇಳಿಸಲು ಎರಡು ದಾರಿಗಳಿವೆ. ನಲ್ಲಿಯನ್ನು ಅರ್ಧ ತಿರುಗಿಸಿ ಸಣ್ಣ ಧಾರೆ ಬಿಡುವುದು ಒಂದು. ಪೂರ್ತಿ ತೆರೆದು, ಪೂರ್ತಿ ಮುಚ್ಚಿ, ಮತ್ತೆ ತೆರೆಯುತ್ತಾ ಅಷ್ಟೇ ನೀರು ತುಂಬಿಸುವುದು ಇನ್ನೊಂದು. ಮೊದಲನೆಯದರಲ್ಲಿ ವಿದ್ಯುತ್ ಪ್ರವಾಹವೇ ಕಡಿಮೆಯಾಗುತ್ತದೆ. ಎರಡನೆಯದಕ್ಕೆ ಪಿಡಬ್ಲ್ಯುಎಂ ಎನ್ನುತ್ತಾರೆ. ಅದರಲ್ಲಿ ಬೆಳಕು ಸೆಕೆಂಡಿಗೆ ನೂರಾರು ಬಾರಿ ಹೊತ್ತಿ ಆರುತ್ತದೆ. ಪ್ರವಾಹ ತೀರಾ ಕಡಿಮೆಯಾದಾಗ ಬಣ್ಣ ಏರುಪೇರಾಗುವುದು, ಪರದೆಯ ಮೇಲೆ ಕಲೆಗಳಂತೆ ಕಾಣುವುದು ಒಎಲ್‌ಇಡಿಯ ಸ್ವಭಾವ. ಅದನ್ನು ತಪ್ಪಿಸಲು ತಯಾರಕರು ಎರಡನೆಯ ದಾರಿ ಹಿಡಿಯುತ್ತಾರೆ. ಹೆಚ್ಚಿನ ಬ್ರೈಟ್‌ನೆಸ್ಸಿನಲ್ಲಿ ಮೊದಲ ವಿಧಾನ, ಒಂದು ಮಟ್ಟಕ್ಕಿಂತ ಕೆಳಗೆ ಎರಡನೆಯದು ಎಂದು ಬೆರೆಸಿದ ಪರದೆಗಳೂ ಉಂಟು.

ಒಎಲ್‌ಇಡಿ ಪರದೆಗಳಲ್ಲಿ 240 ಹರ್ಟ್ಜ್ ಸಾಮಾನ್ಯವಾಗಿ ಸಿಗುವ ವೇಗ. ಅಂದರೆ ಸೆಕೆಂಡಿಗೆ 240 ಬಾರಿ, ಒಂದು ಆವರ್ತಕ್ಕೆ ಸುಮಾರು 4.2 ಮಿಲಿಸೆಕೆಂಡು. ಬ್ರೈಟ್‌ನೆಸ್ಸನ್ನು ಕಾಲು ಭಾಗಕ್ಕೆ ಇಳಿಸಿದಿರಿ ಎನ್ನಿ. ಆಗ ಬೆಳಕು ಸುಮಾರು 1 ಮಿಲಿಸೆಕೆಂಡು ಪೂರ್ಣ ಪ್ರಖರತೆಯಲ್ಲಿ ಹೊತ್ತಿ, ಉಳಿದ 3 ಮಿಲಿಸೆಕೆಂಡು ಕತ್ತಲಾಗಿರುತ್ತದೆ. ಇನ್ನೂ ಇಳಿಸಿದರೆ ಕತ್ತಲೆಯ ಪಾಲು ಇನ್ನೂ ಬೆಳೆಯುತ್ತದೆ. ನಿಮಗೆ ತಂಪಾಗಿ ಕಾಣುವ ಪರದೆ ಕಣ್ಣಿನ ಪಾಲಿಗೆ ಹೆಚ್ಚು ಗಡುಸಾಗುವುದು ಹೀಗೆ. ನೈಟ್ ಲೈಟ್ ನೀಲಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಈ ಹೊತ್ತು-ಆರು ಆಟವನ್ನು ಮುಟ್ಟುವುದಿಲ್ಲ.

240 ಹರ್ಟ್ಜ್‌ನ ಮಿಣುಕು ನೇರವಾಗಿ ಕಾಣಿಸುವುದಿಲ್ಲ, ನಿಜ. ಸ್ಥಿರವಾಗಿ ನೋಡುವ ಕಣ್ಣಿಗೆ ಸುಮಾರು 50ರಿಂದ 90 ಹರ್ಟ್ಜ್ ದಾಟಿದ ಮೇಲೆ ಎಲ್ಲವೂ ಒಂದೇ ಬೆಳಕಾಗಿ ಬೆಸೆದುಹೋಗುತ್ತದೆ. ಮನೆಯವರಿಗೆ ನಂಬಿಕೆ ಬಾರದಿರುವುದೂ ಇದರಿಂದಲೇ. ಆದರೆ ಓದುವಾಗ ಕಣ್ಣು ಸ್ಥಿರವಾಗಿರುವುದಿಲ್ಲ, ಜಿಗಿಯುತ್ತಾ ಸಾಗುತ್ತದೆ. ಸಾಲಿನ ಕೊನೆಯಿಂದ ಮುಂದಿನ ಸಾಲಿನ ಆರಂಭಕ್ಕೆ ಹಾರುವ ಒಂದು ಜಿಗಿತಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹಿಡಿಯುತ್ತದೆ ಎಂದುಕೊಳ್ಳಿ. ಅಷ್ಟರಲ್ಲಿ ಪರದೆ 12 ಬಾರಿ ಹೊತ್ತಿ ಆರಿರುತ್ತದೆ. ಒಂದೊಂದು ಮಿಂಚೂ ರೆಟಿನಾದ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ. ಕಣ್ಣು ಹೀಗೆ ಜಿಗಿಯುವಾಗ 1,000 ಹರ್ಟ್ಜ್‌ಗಿಂತ ವೇಗದ ಮಿಣುಕನ್ನೂ ಜನ ಗುರುತಿಸಬಲ್ಲರು ಎಂಬುದನ್ನು ರಾಬರ್ಟ್ಸ್ ಮತ್ತು ವಿಲ್ಕಿನ್ಸ್ 2013ರಲ್ಲಿ ತೋರಿಸಿದರು.

ಕಾಣದ ಮಿಣುಕಿಗೂ ತಲೆನೋವಿಗೂ ನಂಟಿದೆ ಎನ್ನಲು ನಾನು ಹೆಚ್ಚು ನೆಚ್ಚುವುದು ಇದೇ ವಿಲ್ಕಿನ್ಸ್ ಮತ್ತು ಸಂಗಡಿಗರು ಬ್ರಿಟನ್ನಿನ ಕಚೇರಿಯೊಂದರಲ್ಲಿ ನಡೆಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಹಳೆಯ ಚೋಕಿನ ಟ್ಯೂಬ್‌ಲೈಟುಗಳು ಅಲ್ಲಿ 100 ಹರ್ಟ್ಜ್‌ನಲ್ಲಿ ಮಿಣುಕುತ್ತಿದ್ದವು. ಎಲೆಕ್ಟ್ರಾನಿಕ್ ಚೋಕಿನಿಂದ ಅದನ್ನು ಸುಮಾರು 32,000 ಹರ್ಟ್ಜ್‌ಗೆ ಏರಿಸಿದಾಗ ಸರಾಸರಿ ತಲೆನೋವು, ಕಣ್ಣುನೋವು ಅರ್ಧಕ್ಕಿಂತ ಕೆಳಗಿಳಿಯಿತು. ಯಾವ ದೀಪ ಯಾವಾಗ ಉರಿಯುತ್ತಿದೆ ಎಂಬುದು ಉದ್ಯೋಗಿಗಳಿಗೆ ಗೊತ್ತಿರಲಿಲ್ಲ. ಅದಕ್ಕೇ ನಿಮ್ಮ ನೋವನ್ನು ಭ್ರಮೆ ಎಂದು ತಳ್ಳಿಹಾಕುವುದು ಸರಿಯಲ್ಲ. ಮೈಗ್ರೇನ್ ಇರುವವರಲ್ಲಿ ಈ ಸೂಕ್ಷ್ಮತೆ ಹೆಚ್ಚು. ಅನೇಕರಿಗೆ ಏನೂ ಆಗುವುದಿಲ್ಲ. ನೋವು ಮಿದುಳಿನಲ್ಲಿ ಯಾವ ಮಾರ್ಗದಿಂದ ಹುಟ್ಟುತ್ತದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಎಲ್‌ಇಡಿ ದೀಪಗಳಿಗೆಂದು ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇ 2015ರಲ್ಲಿ ಹೊರತಂದ 1789 ಎಂಬ ಶಿಫಾರಸಿನಲ್ಲಿ ಒಂದು ಸರಳ ಲೆಕ್ಕವಿದೆ. 90 ಹರ್ಟ್ಜ್ ಮೀರಿದ ಮಿಣುಕಿನ ವೇಗವನ್ನು 0.08ರಿಂದ ಗುಣಿಸಿದರೆ ಬರುವುದು ಕಡಿಮೆ ಅಪಾಯದ ಮಿತಿ: ಬೆಳಕು ಶೇಕಡಾ ಎಷ್ಟು ಏರಿಳಿಯಬಹುದು ಎಂಬುದು. 240 ಹರ್ಟ್ಜ್‌ಗೆ ಅದು ಶೇ 19. ಪೂರ್ತಿ ಆರಿ ಹೊತ್ತುವ ಪರದೆಯದು ಶೇ 100. ಪೂರ್ತಿ ಆರಿ ಹೊತ್ತಿದರೂ ಮಿತಿಯೊಳಗಿರಬೇಕಾದರೆ ವೇಗ 1,250 ಹರ್ಟ್ಜ್ ದಾಟಬೇಕು. ಇದು ದೀಪಗಳಿಗೆ ಬರೆದದ್ದು, ಲ್ಯಾಪ್‌ಟಾಪಿಗೆ ಹಾಗೆಯೇ ಅನ್ವಯಿಸಿ ತೀರ್ಪು ಕೊಡಲಾಗದು. ಆದರೂ ಅಂತರ ಎಷ್ಟಿದೆ ಎಂದು ತಿಳಿಯಲು ಸಾಕು.

ಪರೀಕ್ಷೆಗೆ ಉಪಕರಣ ಬೇಡ. ರಾತ್ರಿ ಕೋಣೆಯ ಎಲ್ಲ ದೀಪ ಆರಿಸಿ. ಇದು ಮುಖ್ಯ, ಏಕೆಂದರೆ ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಅಗ್ಗದ ಎಲ್‌ಇಡಿ ಬಲ್ಬುಗಳೂ 100 ಹರ್ಟ್ಜ್‌ನಲ್ಲಿ ಮಿಣುಕಿ ದಾರಿ ತಪ್ಪಿಸುತ್ತವೆ. ಪರದೆಯ ತುಂಬ ಖಾಲಿ ಬಿಳಿ ಪುಟ ತೆರೆದು, ಬ್ರೈಟ್‌ನೆಸ್ಸನ್ನು ಶೇ 25ಕ್ಕೆ ಇಳಿಸಿ, ಊದುಬತ್ತಿಯ ಕಡ್ಡಿಯಂಥ ತೆಳ್ಳನೆಯದೇನನ್ನಾದರೂ ಪರದೆಯ ಮುಂದೆ ಅಡ್ಡಡ್ಡ ಜೋರಾಗಿ ಬೀಸಿ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬೀಸಿದರೆ, 240 ಹರ್ಟ್ಜ್‌ನಲ್ಲಿ ಸುಮಾರು ಒಂದೂಕಾಲು ಸೆಂಟಿಮೀಟರಿಗೊಂದರಂತೆ ಬಿಡಿಬಿಡಿ ಕಡ್ಡಿಗಳು ಕಾಣುತ್ತವೆ. ಮಿಣುಕಿಲ್ಲದ ಅಥವಾ ತೀರಾ ವೇಗದ ಪರದೆಯಲ್ಲಿ ಮಸುಕಾದ ಒಂದೇ ಪಟ್ಟಿ ಕಾಣುತ್ತದೆ. ಬಳಿಕ ಶೇ 100ಕ್ಕೆ ಏರಿಸಿ ಮತ್ತೆ ಬೀಸಿ. ಬಿಡಿ ಕಡ್ಡಿಗಳು ಮಾಯವಾಗಿ ಪಟ್ಟಿಯಾದರೆ ಸುಳಿವು ಸಿಕ್ಕಿತು.

ಮೊಬೈಲಿನ ಪ್ರೊ ಮೋಡ್‌ನಲ್ಲಿ ಶಟರ್ 1/4000 ಇಟ್ಟು ಪರದೆಯ ಫೋಟೊ ತೆಗೆದರೂ ಕಪ್ಪು ಅಡ್ಡಪಟ್ಟೆಗಳು ಕಾಣುತ್ತವೆ. ಒಎಲ್‌ಇಡಿಯಲ್ಲಿ ಪೂರ್ಣ ಬ್ರೈಟ್‌ನೆಸ್ಸಿನಲ್ಲೂ ಒಂದು ತೆಳು ಪಟ್ಟೆ ಬರಬಹುದು. ಅದು ಚಿತ್ರ ಹೊಸದಾಗುವಾಗಿನ ಸಣ್ಣ ಇಳಿತ, ಅದಕ್ಕೆ ಗಾಬರಿ ಬೇಡ. ಬ್ರೈಟ್‌ನೆಸ್ ಇಳಿಸಿದಂತೆ ಪಟ್ಟೆಗಳು ದಪ್ಪವಾಗುತ್ತಾ ಹೋದರೆ ಅದೇ ಪಿಡಬ್ಲ್ಯುಎಂ.

ಪರಿಹಾರ ತೀರಾ ಕಷ್ಟದ್ದಲ್ಲ. ಲ್ಯಾಪ್‌ಟಾಪಿನ ಬ್ರೈಟ್‌ನೆಸ್ಸನ್ನು ಬಿಡಿ ಕಡ್ಡಿಗಳು ಕಾಣದಷ್ಟು ಮೇಲಿಟ್ಟು, ಚಿತ್ರವನ್ನೇ ಸಾಫ್ಟ್‌ವೇರಿನಿಂದ ಮಂದಗೊಳಿಸಿ. ಕೆಲವು ಕಂಪನಿಗಳು ತಮ್ಮದೇ ಆ್ಯಪ್‌ನಲ್ಲಿ Flicker-free dimming ಅಥವಾ DC dimming ಎಂಬ ಸೌಲಭ್ಯ ಕೊಟ್ಟಿವೆ. ಮೊದಲು ಅದನ್ನು ಹುಡುಕಿ. ಇಲ್ಲದಿದ್ದರೆ ಗ್ರಾಫಿಕ್ಸ್ ಡ್ರೈವರಿನ ಬಣ್ಣದ ಸೆಟ್ಟಿಂಗ್‌ನಲ್ಲಿರುವ ಬ್ರೈಟ್‌ನೆಸ್ ಇಳಿಸಿ. ಲಿನಕ್ಸ್ ಬಳಸುವ ಓದುಗರು, ಎಕ್ಸ್11 ಆಗಿದ್ದರೆ, ಹೀಗೆ ಮಾಡಬಹುದು (ಪರದೆಯ ಹೆಸರು ಕೆಲವೆಡೆ ಬೇರೆ ಇರುತ್ತದೆ):

```
xrandr --output eDP-1 --brightness 0.6
```

ಒಎಲ್‌ಇಡಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಪ್ರತಿ ಬಿಂದುವೂ ತಾನೇ ಬೆಳಗುವಂಥದ್ದು. ಗಾಢ ಛಾಯೆಗಳ ಸೂಕ್ಷ್ಮ ವ್ಯತ್ಯಾಸ ಸ್ವಲ್ಪ ಅಳಿಸಿಹೋಗುತ್ತದೆ; ಲೆಕ್ಕಪತ್ರಕ್ಕೆ ಅದು ಅಡ್ಡಿಯಲ್ಲ.

ಹೀಗೆ ಒಂದು ವಾರ ಕೆಲಸ ಮಾಡಿ, ಮುಂದಿನ ವಾರ ಹಳೆಯ ರೀತಿಗೆ ಮರಳಿ, ಎರಡರಲ್ಲೂ ನೋವು ಶುರುವಾದ ಹೊತ್ತನ್ನು ಬರೆದಿಡಿ. ವ್ಯತ್ಯಾಸವೇ ಇಲ್ಲದಿದ್ದರೆ ಕಾರಣ ಬೇರೆ. ಕಣ್ಣು ಒಣಗುವುದು, ಪರದೆ ಇಟ್ಟಿರುವ ದೂರ, ಹೊಳಪು ಗಾಜಿನ ಪ್ರತಿಬಿಂಬ ಇವನ್ನೆಲ್ಲ ಆಮೇಲೆ ನೋಡಬೇಕು. ಪರದೆಯಿಂದ ದೂರವಿದ್ದಾಗಲೂ ನೋವು ಬಂದರೆ, ಎರಡೆರಡಾಗಿ ಕಂಡರೆ, ಇದ್ದಕ್ಕಿದ್ದಂತೆ ಸಿಡಿದಂತೆ ನೋವಾದರೆ ಪರದೆಯ ಪರೀಕ್ಷೆ ಬದಿಗಿಟ್ಟು ತಡಮಾಡದೆ ಡಾಕ್ಟರನ್ನು ಕಾಣಿ.

ಲ್ಯಾಪ್‌ಟಾಪ್ ಬದಲಿಸುವ ಯೋಚನೆಯಿದ್ದರೆ ಇನ್ನೊಂದು ಮಾತು. ಅಂಗಡಿಗಳಲ್ಲಿ ಪರದೆಗಳನ್ನು ಪೂರ್ಣ ಬ್ರೈಟ್‌ನೆಸ್ಸಿನಲ್ಲಿ ಇಟ್ಟಿರುತ್ತಾರೆ, ಅಲ್ಲಿ ಈ ದೋಷ ಅಡಗಿರುತ್ತದೆ. ಶೇ 25ಕ್ಕೆ ಇಳಿಸಿ ಮೊಬೈಲಿನಿಂದ ಫೋಟೊ ತೆಗೆದು ನೋಡಿದ ಮೇಲೆಯೇ ದುಡ್ಡು ಕೊಡಿ.