ವಿಂಡೋಸ್ ಸೆಟಪ್‌ನಲ್ಲಿ ಟಚ್‌ಪ್ಯಾಡ್ ಸತ್ತಂತಿದ್ದರೆ

"ವಿಂಡೋಸ್ 11 ಹಾಕುವಾಗ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೆಲಸ ಮಾಡ್ತಿಲ್ಲ, ಕೀಬೋರ್ಡ್ ಸರಿಯಿದೆ. ಹಾಳಾಗಿದೆಯಾ?"

ಬಹುಶಃ ಇಲ್ಲ. ಈಗಿನ ಟಚ್‌ಪ್ಯಾಡ್‌ಗಳು ಹೆಚ್ಚಾಗಿ ಐ2ಸಿ ಎಂಬ ದಾರಿಯಲ್ಲಿ ಮಾತಾಡುತ್ತವೆ. ಅದಕ್ಕೆ ಬೇಕಾದ ಚಿಪ್‌ಸೆಟ್ ಡ್ರೈವರ್ ಎಷ್ಟೋ ಸಲ ಸೆಟಪ್‌ನಲ್ಲಿ ಇರುವುದಿಲ್ಲ. ಕೀಬೋರ್ಡ್ ಸಾಮಾನ್ಯವಾಗಿ ಹಳೆಯ ಪಿಎಸ್/2 ದಾರಿ ಹಿಡಿಯುತ್ತದೆ, ಹಾಗಾಗಿ ಬಚಾವ್. ಬಯೋಸ್‌ನಲ್ಲಿ ಮೌಸ್ ಬಾಣ ಇದ್ದು, ಅಲ್ಲಿ ಬೆರಳಿಗೆ ಓಡಾಡಿದರೆ ಹಾರ್ಡ್‌ವೇರ್ ಚೆನ್ನಾಗಿದೆ ಎಂದರ್ಥ.

ಯುಎಸ್‌ಬಿ ಮೌಸ್ ಚುಚ್ಚಿಬಿಡಿ. ಬ್ಲೂಟೂತ್ ಮೌಸ್ ಇಲ್ಲಿ ಪ್ರಯೋಜನಕ್ಕೆ ಬರಲ್ಲ. ಮೌಸೇ ಇಲ್ಲವಾ? Tab ಒತ್ತುತ್ತಾ ಮುಂದೆ ಹೋಗಿ, ಬಾಣದ ಕೀಲಿಯಿಂದ ಆರಿಸಿ, Space ಒತ್ತಿ ಟಿಕ್ ಹಾಕಿ, ಕೊನೆಗೆ Enter. ಡಿಸ್ಕ್ ಆರಿಸುವ ಪರದೆಯಲ್ಲಿ ಮಾತ್ರ ನಿಧಾನ: ಯಾವ ಪಾರ್ಟಿಷನ್ ಮೇಲೆ ನಿಂತಿದ್ದೀರಿ ಅಂತ ಎರಡು ಸಲ ನೋಡಿ. ಇನ್‌ಸ್ಟಾಲ್ ಆದಮೇಲೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಮೊದಲು ಆ ಚಿಪ್‌ಸೆಟ್ ಡ್ರೈವರ್, ಇಂಟೆಲ್ ಲ್ಯಾಪ್‌ಟಾಪ್ ಆದರೆ ಸೀರಿಯಲ್ ಐಒ ಎಂಬ ಹೆಸರಿನದು, ಆಮೇಲೆ ಟಚ್‌ಪ್ಯಾಡಿನದು ಹಾಕಿ.