ಟ್ವಿಸ್ಟ್ ಇಡುವ ಮೊದಲು ಅದನ್ನು ಬಚ್ಚಿಡಬೇಕು

ಪ್ರಶ್ನೆ: ನರ್ಸ್‌ಗಳಿಗೆ ಕೈ ತೊಳೆಯುವುದರ ಬಗ್ಗೆ 20 ನಿಮಿಷದ ಪಿಪಿಟಿ ಮಾಡಬೇಕು. ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲರೂ ಮೊಬೈಲ್ ತೆಗೀತಾರೆ. ಮಧ್ಯದಲ್ಲಿ ಒಂದು ಟ್ವಿಸ್ಟ್ ಇಡು ಅಂತಾರೆ. ಎಲ್ಲಿ, ಹೇಗೆ ಇಡೋದು?

ಇದೇ ವಿಷಯದ ಮೇಲೆ ನಾನೂ ತರಬೇತಿ ಕೊಡುತ್ತೇನೆ. ಹಾಗಾಗಿ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಮೊದಲ ಸಲ ನನ್ನ ಹತ್ತಿರ ಒಳ್ಳೆ ಕಥೆಯೇ ಇತ್ತು, ಆದರೆ ಶೀರ್ಷಿಕೆಯ ಸ್ಲೈಡಿನಲ್ಲೇ ದೊಡ್ಡದಾಗಿ "ಕೈ ತೊಳೆಯಿರಿ, ಜೀವ ಉಳಿಸಿ" ಅಂತ ಬರೆದಿದ್ದೆ. ಸಾಲದ್ದಕ್ಕೆ ಪಿಪಿಟಿಯ ಪ್ರಿಂಟನ್ನು ಬಾಗಿಲಲ್ಲೇ ಹಂಚಿದ್ದೆ. ಎಲ್ಲರೂ ಕೊನೆ ಪುಟ ನೋಡಿಯೇ ಕುರ್ಚಿಯಲ್ಲಿ ಕೂತರು. ಇನ್ನು ಅವರಿಗೆ ಕೇಳಲು ಉಳಿದದ್ದಾದರೂ ಏನು?

ಕಥೆ ಇದು. 1846ರ ವಿಯೆನ್ನಾ, ಅಲ್ಲಿನ ದೊಡ್ಡಾಸ್ಪತ್ರೆ. ಎರಡು ಹೆರಿಗೆ ವಿಭಾಗ. ಒಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಆ ವರ್ಷ ಡಾಕ್ಟರುಗಳ ವಿಭಾಗದಲ್ಲಿ 100 ಬಾಣಂತಿಯರಿಗೆ 11 ಮಂದಿ ಸತ್ತರೆ, ಸೂಲಗಿತ್ತಿಯರ ವಿಭಾಗದಲ್ಲಿ 3 ಮಂದಿಯೂ ಪೂರ್ತಿ ಇಲ್ಲ. ಯಾಕೆ ಅಂತ ತಲೆ ಕೆಡಿಸಿಕೊಂಡವರು ಅಲ್ಲಿನ ಸಹಾಯಕ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್.

ನನ್ನ ಪಿಪಿಟಿಯಲ್ಲಿ ಈಗ 14 ಸ್ಲೈಡ್ ಇವೆ. ಮೊದಲನೆಯದರಲ್ಲಿ ಶೀರ್ಷಿಕೆ "ಎರಡು ವಾರ್ಡುಗಳು", ಅಷ್ಟೇ. ಎರಡನೆಯದರಲ್ಲಿ 11 ಮತ್ತು 3, ಬೇರೇನೂ ಇಲ್ಲ. ಇಲ್ಲಿ ನಾನು ವಿವರಣೆ ಕೊಡುವುದಿಲ್ಲ, "ಯಾಕಿರಬಹುದು?" ಅಂತ ಕೇಳಿ ಸುಮ್ನೆ ನಿಲ್ಲುತ್ತೇನೆ. ಜನಸಂದಣಿ ಅಂತಾರೆ, ಗಾಳಿ ಬೆಳಕು ಅಂತಾರೆ, ಒಳಗೆ ಬಂದವರೇ ಬಡವರಿರಬೇಕು ಅಂತಾರೆ. ಅವರು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಒಮ್ಮೆ ತನ್ನ ಬಾಯಿಂದ ಒಂದು ಊಹೆ ಬಂದುಬಿಟ್ಟರೆ ಅದು ಸರಿಯೋ ತಪ್ಪೋ ಗೊತ್ತಾಗುವವರೆಗೆ ಯಾರೂ ಮೊಬೈಲ್ ತೆಗೆಯುವುದಿಲ್ಲ, ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮುಂದಿನ ನಾಲ್ಕು ಸ್ಲೈಡುಗಳ ಕೆಲಸ ಆ ಊಹೆಗಳನ್ನು ಒಂದೊಂದಾಗಿ ಬೀಳಿಸುವುದು. ಜನಸಂದಣಿ ಜಾಸ್ತಿ ಇದ್ದದ್ದು ಸೂಲಗಿತ್ತಿಯರ ವಿಭಾಗದಲ್ಲೇ. ಬಡವರು, ಶ್ರೀಮಂತರು ಅಂತ ಬೇರೆ ಮಾಡುತ್ತಿರಲಿಲ್ಲ, ಯಾವ ದಿನ ಬಂದಿರಿ ಅನ್ನುವುದರ ಮೇಲೆ ವಿಭಾಗ ಸಿಗುತ್ತಿತ್ತು. ಸಾಯುತ್ತಿರುವವರ ಬಳಿಗೆ ಪಾದ್ರಿ ಗಂಟೆ ಬಾರಿಸುತ್ತಾ ಬರುವುದರಿಂದ ಉಳಿದವರು ಹೆದರಿ ಸಾಯುತ್ತಾರೆ ಅಂತಲೂ ಒಂದು ವಾದ ಇತ್ತು, ಗಂಟೆ ನಿಲ್ಲಿಸಿದರೂ ಸಾವು ನಿಲ್ಲಲಿಲ್ಲ. ಒಂದು ಸ್ಲೈಡಿಗೆ ಒಂದೇ ಊಹೆ. ಎಲ್ಲವನ್ನೂ ಒಂದೇ ಸ್ಲೈಡಿನಲ್ಲಿ ಬುಲೆಟ್ ಪಾಯಿಂಟ್ ಮಾಡಿ ಹಾಕಿದರೆ ನೀವು ಮೊದಲನೆಯದನ್ನು ಹೇಳುತ್ತಿರುವಾಗ ಅವರು ನಾಲ್ಕನೆಯದನ್ನು ಓದಿ ಮುಗಿಸಿರುತ್ತಾರೆ. ಒಂದೇ ಸ್ಲೈಡ್ ಬೇಕೇ ಬೇಕು ಅಂದರೆ ಅನಿಮೇಷನ್ನಿನಲ್ಲಿ ಒಂದೊಂದು ಸಾಲು ಬರುವ ಹಾಗೆ ಮಾಡಿ. ಹಾರುವುದು, ತಿರುಗುವುದು ಬೇಡ.

ಈ ನಾಲ್ಕರೊಳಗೇ ಸುಳಿವನ್ನೂ ಹಾಕಿರಬೇಕು. ಜನರು ಮರೆಯುವುದು ಇದನ್ನೇ. ನನ್ನ ಐದನೇ ಸ್ಲೈಡಿನಲ್ಲಿ ವೈದ್ಯ ವಿದ್ಯಾರ್ಥಿಗಳು ಏನೇನು ಮಾಡುತ್ತಿದ್ದರು ಅಂತ ಒಂದು ಚಿಕ್ಕ ಪಟ್ಟಿ ಇದೆ: ಶವ ಪರೀಕ್ಷೆ, ವಾರ್ಡ್, ಪಾಠ. ಅದನ್ನು ಒತ್ತಿ ಹೇಳದೆ ಓದಿಕೊಂಡು ಮುಂದೆ ಹೋಗುತ್ತೇನೆ. ಸುಳಿವೇ ಇಲ್ಲದೆ ತಿರುವು ಬಂದರೆ ಕೇಳುವವರಿಗೆ ಮೋಸ ಹೋದ ಹಾಗೆ ಅನಿಸುತ್ತದೆ. ಸುಳಿವು ಕಣ್ಣ ಮುಂದೆಯೇ ಇತ್ತು ಅಂದರೆ ತಮ್ಮ ಮೇಲೇ ನಗು ಬರುತ್ತದೆ, ನಿಮ್ಮ ಮೇಲೆ ಸಿಟ್ಟು ಬರಲ್ಲ.

ಏಳನೇ ಸ್ಲೈಡ್ ಇಲ್ಲವೇ ಇಲ್ಲ ಅನ್ನಬಹುದು, ಪೂರ್ತಿ ಕಪ್ಪು. ಪವರ್‌ಪಾಯಿಂಟಿನಲ್ಲಿ B ಕೀ ಒತ್ತಿದರೂ ತೆರೆ ಕಪ್ಪಾಗುತ್ತದೆ, ಆದರೆ ಗಡಿಬಿಡಿಯಲ್ಲಿ ಮರೆಯುತ್ತೇನೆ ಅಂತ ನಾನು ಕಪ್ಪು ಸ್ಲೈಡನ್ನೇ ಇಟ್ಟುಕೊಂಡಿದ್ದೇನೆ. ಆಗ ಸುಮಾರು 8 ನಿಮಿಷ ಆಗಿರುತ್ತದೆ. ಬೋರ್ಡಿನ ಊಹೆಗಳೆಲ್ಲ ಅಳಿಸಿಹೋಗಿವೆ, ತೆರೆಯಲ್ಲೂ ಏನಿಲ್ಲ, ಎಲ್ಲರೂ ನನ್ನ ಮುಖ ನೋಡುತ್ತಾರೆ. ಆಗ ಬಾಯಲ್ಲಿ ಹೇಳುತ್ತೇನೆ: 1847ರ ಮಾರ್ಚಿನಲ್ಲಿ ಸೆಮ್ಮೆಲ್‌ವೈಸ್ ಸ್ನೇಹಿತ, ಪ್ರೊಫೆಸರ್ ಕೊಲೆಟ್ಶ್ಕಾ ಸತ್ತರು. ಅವರಿಗೆ ಹೆರಿಗೆಯ ಸಂಬಂಧವೇ ಇಲ್ಲ. ಶವ ಪರೀಕ್ಷೆ ಮಾಡುವಾಗ ವಿದ್ಯಾರ್ಥಿಯ ಚಾಕು ಅವರ ಬೆರಳಿಗೆ ತಾಗಿತ್ತು. ಅವರ ದೇಹದಲ್ಲಿ ಕಂಡದ್ದು ಮಾತ್ರ ಸತ್ತ ಬಾಣಂತಿಯರಲ್ಲಿ ಕಂಡ ಅವೇ ಲಕ್ಷಣಗಳು.

ಇಲ್ಲಿ ಬಾಯಿ ಮುಚ್ಚಿಕೊಳ್ಳಬೇಕು. ಇದು ನನಗೆ ತುಂಬಾ ಕಷ್ಟದ ಭಾಗ. ನಾಲ್ಕೈದು ಸೆಕೆಂಡ್ ಅಷ್ಟೇ, ಆದರೆ ನಿಂತವರಿಗೆ ಯುಗ. ಹಿಂದಿನ ಸಾಲಿನಿಂದ ಯಾರೋ ಒಬ್ಬರು "ಅಯ್ಯೋ, ಡಾಕ್ಟರುಗಳ ಕೈಯಿಂದಲೇ!" ಅಂತಾರೆ. ಯಾರೂ ಹೇಳದಿದ್ದರೆ ಐದನೇ ಸ್ಲೈಡಿನ ಪಟ್ಟಿಯನ್ನು ಮತ್ತೆ ತೋರಿಸಿ, ಆಗ ಹೇಳುತ್ತಾರೆ. ನೀವೇ ಹೇಳಿಬಿಟ್ಟರೆ ಅರ್ಧ ರುಚಿ ಹೋಯಿತು.

ಆಮೇಲೆ ಒಂದೇ ಸ್ಲೈಡಿನಲ್ಲಿ ಫಲ: ಕ್ಲೋರಿನ್ ಸುಣ್ಣದ ನೀರಿನಲ್ಲಿ, ಅಂದರೆ ನಮ್ಮ ಬ್ಲೀಚಿಂಗ್ ಪೌಡರ್ ನೀರಿನಲ್ಲಿ, ಕೈ ತೊಳೆಯುವುದನ್ನು ಸೆಮ್ಮೆಲ್‌ವೈಸ್ ಮೇ ಮಧ್ಯದಲ್ಲಿ ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ 100ಕ್ಕೆ 18 ಸಾವು, ಜೂನ್‌ನಲ್ಲಿ ಹೆಚ್ಚುಕಡಿಮೆ 2. ರೋಗಾಣುಗಳ ಬಗ್ಗೆ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಹೆಣದ ಕಣಗಳು ಕೈಗೆ ಅಂಟಿ ಬರುತ್ತವೆ ಅಂತ ಅವರು ನಂಬಿದ್ದರು. ಇದನ್ನೂ ಹೇಳಿ, ಇಲ್ಲದಿದ್ದರೆ ತಿಳಿದವರು ಎದ್ದು ನಿಂತು ತಿದ್ದುತ್ತಾರೆ.

ಟ್ವಿಸ್ಟ್ ಯಾಕೆ ಕೊನೆಯಲ್ಲಿ ಬೇಡ ಅಂದರೆ, ಕೊನೆಯಲ್ಲಿಟ್ಟಾಗ ಜನ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ, ನೀವು ಕಲಿಸಬೇಕಾದದ್ದು ಅದಕ್ಕೂ ಮೊದಲೇ ಬಂದು ಸಪ್ಪೆಯಾಗಿ ಹೋಗಿರುತ್ತದೆ. ಒಮ್ಮೆ ನಾನು ಹಾಗೆ ಮಾಡಿ, ಸಮಯ ಮೀರಿ, ಟ್ವಿಸ್ಟನ್ನೇ ಓಡಿಸಿಕೊಂಡು ಹೇಳಿದ್ದೂ ಉಂಟು. ಮಧ್ಯದಲ್ಲಿಟ್ಟರೆ ಉಳಿದ ಸ್ಲೈಡುಗಳ ಅರ್ಥವೇ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐದು ಸಂದರ್ಭಗಳನ್ನು ನೀವು ಹೇಗೂ ಹೇಳಲೇಬೇಕು, ಅಲ್ವಾ? ರೋಗಿಯನ್ನು ಮುಟ್ಟುವ ಮೊದಲು, ಶುದ್ಧ ವಿಧಾನಗಳ ಮೊದಲು, ದೇಹದ ದ್ರವ ತಗುಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಅದೇ ಒಣ ಪಟ್ಟಿಯನ್ನು ನಾನು "ಇಲ್ಲಿ ಚಾಕು ಯಾವುದು?" ಅನ್ನುವ ಪ್ರಶ್ನೆಯಾಗಿ ಕೇಳುತ್ತೇನೆ. ಮಂಚದ ಕಂಬಿ, ಬಿ.ಪಿ. ಕಫ್, ಕೇಸ್ ಶೀಟ್ ಅಂತ ಅವರೇ ಹೇಳುತ್ತಾರೆ. ಒಬ್ಬ ಸಿಸ್ಟರ್ ತಮ್ಮ ಮೊಬೈಲನ್ನೇ ಎತ್ತಿ ತೋರಿಸಿದ್ದರು.

ನಿಮ್ಮ ಟ್ವಿಸ್ಟ್ ಸರಿಯಿದೆಯೋ ಇಲ್ಲವೋ ನೋಡಲು ಒಂದು ದಾರಿ ಇದೆ. ಆ ಸ್ಲೈಡನ್ನು ತೆಗೆದು ಪಿಪಿಟಿ ಓಡಿಸಿ. ಮುಂದಿನ ಭಾಗ ಹಾಗೇ ನಡೆದುಹೋದರೆ ಅದು ಟ್ವಿಸ್ಟ್ ಅಲ್ಲ, ಬರೀ ಜೋಕು. ಎರಡನೇ ಟ್ವಿಸ್ಟ್‌ನ ಆಸೆಗೂ ಬೀಳಬೇಡಿ, ನಾನು ಬಿದ್ದಿದ್ದೆ. ಸೆಮ್ಮೆಲ್‌ವೈಸ್ ಮಾತನ್ನು ಎಷ್ಟೋ ಡಾಕ್ಟರುಗಳು ಒಪ್ಪಲಿಲ್ಲ, 1865ರಲ್ಲಿ ಅವರು ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು ಅನ್ನುವುದನ್ನೂ ಸೇರಿಸಿದೆ. ಜನ ಬೇಜಾರಿನಲ್ಲಿ ಮುಳುಗಿ ಐದು ಸಂದರ್ಭಗಳನ್ನು ಕೇಳಿಸಿಕೊಳ್ಳಲೇ ಇಲ್ಲ. ಈಗ ಯಾರಾದರೂ "ಆಮೇಲೆ ಅವರೇನಾದರು?" ಅಂತ ಕೇಳಿದರೆ ಮಾತ್ರ ಹೇಳುತ್ತೇನೆ.

ಮೇಲಧಿಕಾರಿಗೆ ಐದು ನಿಮಿಷದಲ್ಲಿ ಸ್ಯಾನಿಟೈಸರ್ ಖರೀದಿಗೆ ಒಪ್ಪಿಗೆ ಕೇಳಬೇಕಿದ್ದರೆ ಈ ಆಟ ಬೇಡ, ಮೊದಲ ಸ್ಲೈಡಿನಲ್ಲೇ ಎಷ್ಟು ಬೇಕು, ಎಷ್ಟು ದುಡ್ಡು ಅಂತ ಹೇಳಿಬಿಡಿ. ಪ್ರಿಂಟನ್ನು ಹೋಗುವಾಗ ಕೊಡಿ.